ಭುಜದ ತುದಿ, ಆರ್ಮ್‌ಹೋಲ್ ಆಳ, ಕ್ರಾಸ್ ಬ್ಯಾಕ್: ಟೇಲರ್‌ಗೆ ಅಳತೆ ಹೇಳುವ ಕ್ರಮ

ಕಲಬುರಗಿಯ ನನ್ನ ಅಂಗಡಿಗೆ ಮದುವೆಯ ದಿನಗಳಲ್ಲಿ ಬೀದರ್, ಯಾದಗಿರಿ, ಪುಣೆ, ಹೈದರಾಬಾದ್‌ಗಳಿಂದ ಫೋನಿನಲ್ಲಿ ಅಳತೆಗಳು ಬರುತ್ತವೆ. ಬಟ್ಟೆ ಊರಿನಲ್ಲಿರುತ್ತದೆ, ತೊಡುವವರು ಪರಊರಿನಲ್ಲಿರುತ್ತಾರೆ. ಬರುವ ಸಂದೇಶ ಬಹುಮಟ್ಟಿಗೆ ಹೀಗಿರುತ್ತದೆ: “ಎದೆ 38, ಶೋಲ್ಡರ್ 18, ಮುಂಡಾ 9, ತೋಳು 24.” ಎದೆಯ ಅಳತೆಯಲ್ಲಿ ನನಗೆ ಸಂಶಯವಿರುವುದಿಲ್ಲ, ತೋಳಿನದು ತಪ್ಪಿದ್ದರೂ ಅರ್ಧ ಇಂಚಿನಲ್ಲಿ ಸರಿಪಡಿಸಬಹುದು. ಆದರೆ ಆ 9 ಎಂಬ ಸಂಖ್ಯೆಯನ್ನು ಎಲ್ಲಿಂದ ಎಲ್ಲಿಯವರೆಗೆ ಅಳೆದರು ಎಂಬುದು ತಿಳಿಯದೆ ನಾನು ಕತ್ತರಿ ಹಿಡಿಯುವುದಿಲ್ಲ. ಅದು ಕತ್ತಿನ ಹಿಂದಿನ ಎಲುಬಿನಿಂದ ಕಂಕುಳ ಮಟ್ಟದವರೆಗಿನ ಇಳಿತವಿರಬಹುದು, ಭುಜದ ತುದಿಯಿಂದ ಕಂಕುಳ ಮಟ್ಟದವರೆಗಿನ ಇಳಿತವಿರಬಹುದು, ಅಥವಾ ಹಳೆಯ ಅಂಗಿಯನ್ನು ಹಾಸಿಟ್ಟು ತೋಳಿನ ಹೊಲಿಗೆಯ ಬಾಗಿನ ಗುಂಟ ಟೇಪು ಹಿಡಿದು ತೆಗೆದ ಅರ್ಧ ಸುತ್ತಳತೆಯಿರಬಹುದು. ಮೂರನ್ನೂ ಜನ ‘ಮುಂಡಾ’ ಅಥವಾ ‘ಆರ್ಮ್‌ಹೋಲ್’ ಎಂದೇ ಕರೆಯುತ್ತಾರೆ.

ಅಂಗಿಯ ಮೇಲ್ಭಾಗ ಕೂರುವುದು ಅಥವಾ ಕೂರದಿರುವುದು ಮೂರು ಸಂಗತಿಗಳ ಮೇಲೆ ನಿಂತಿದೆ: ಭುಜದ ತುದಿ ಎಲ್ಲಿದೆ, ಕಂಕುಳ ಮಟ್ಟ ಎಷ್ಟು ಕೆಳಗಿದೆ, ಮತ್ತು ಎರಡು ತೋಳುಗಳ ನಡುವೆ ಬೆನ್ನು ಎಷ್ಟು ಅಗಲವಿದೆ. ಟೇಲರ್‌ಗಳ ಮಾತಿನಲ್ಲಿ ಇವು ಶೋಲ್ಡರ್ ಪಾಯಿಂಟ್, ಆರ್ಮ್‌ಹೋಲ್ ಡೆಪ್ತ್ ಮತ್ತು ಕ್ರಾಸ್ ಬ್ಯಾಕ್. ಈ ಮೂರನ್ನು ಮನೆಯಲ್ಲಿಯೇ ಅಳೆದು, ಕೇಳಿದವರಿಗೆ ಬೇರೆ ಅರ್ಥ ತೋರದಂತೆ ತಿಳಿಸುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಳೆಯುವ ಮೊದಲು

ತನ್ನ ಬೆನ್ನನ್ನು ತಾನೇ ಅಳೆದುಕೊಳ್ಳಲು ಆಗುವುದಿಲ್ಲವಾದ್ದರಿಂದ ಇನ್ನೊಬ್ಬರು ಬೇಕು. ತೊಡುವವರು ಮೈಗೆ ಅಂಟಿದ ಬನಿಯನ್ ಅಥವಾ ತೆಳುವಾದ ಒಂದೇ ಬಟ್ಟೆಯಲ್ಲಿ, ಸಹಜವಾಗಿ, ಕೈಗಳನ್ನು ಇಳಿಬಿಟ್ಟು ನಿಂತಿರಬೇಕು. ಅಳತೆ ಕೊಡುವಾಗ ಹಲವರು ಎದೆಯುಬ್ಬಿಸಿ ನಿಲ್ಲುತ್ತಾರೆ. ಆಗ ಭುಜಗಳು ಹಿಂದಕ್ಕೆ ಸರಿದು ಬೆನ್ನಿನ ಅಳತೆ ಕಡಿಮೆ ಬರುತ್ತದೆ, ಅಂಗಿ ಹೊಲಿದು ಬಂದ ಮೇಲೆ ಬೆನ್ನು ಬಿಗಿಯುತ್ತದೆ.

ಟೇಪಿನ ಜೊತೆಗೆ ಪೆಟಿಕೋಟಿನ ಲಾಡಿಯೊಂದನ್ನೂ ಅಂಟಿಸುವ ಟಿಕಳಿಗಳ ಒಂದು ಪಾಕೀಟನ್ನೂ ಇಟ್ಟುಕೊಳ್ಳಿರಿ. ಟೇಪು ಹಳೆಯದಾಗಿದ್ದರೆ ಮಕ್ಕಳ ಪಟ್ಟಿಯ ಮೇಲೆ ಅದನ್ನಿಟ್ಟು 12 ಇಂಚು ಸರಿಹೊಂದುತ್ತದೆಯೇ ಎಂದು ನೋಡಿರಿ, ಏಕೆಂದರೆ ಬಟ್ಟೆಯ ಟೇಪು ವರ್ಷಗಟ್ಟಲೆ ಬಳಸಿದರೆ ಹಿಗ್ಗುತ್ತದೆ.

ಮೊದಲ ಹೆಜ್ಜೆ: ಭುಜದ ತುದಿಯನ್ನು ಹುಡುಕುವುದು

ಭುಜದ ತುದಿ ಎಂದರೆ ಅಂಗಿಯ ಹೊಲಿಗೆ ಇರುವ ಜಾಗವಲ್ಲ, ಎಲುಬು ಮುಗಿಯುವ ಜಾಗ. ನನಗೆ ಬರುವ ತಪ್ಪು ಅಳತೆಗಳಲ್ಲಿ ಹೆಚ್ಚಿನವು ಇಲ್ಲಿಯೇ ಹುಟ್ಟುತ್ತವೆ. ಮೈಮೇಲಿರುವ ಅಂಗಿಯ ತೋಳು ಎಲ್ಲಿ ಶುರುವಾಗುತ್ತದೆಯೋ ಅಲ್ಲಿ ಟೇಪಿನ ತುದಿಯನ್ನು ಹಿಡಿಯುತ್ತಾರೆ. ಆದರೆ ಸಿದ್ಧ ಉಡುಪಿನ ಅಂಗಿಗಳಲ್ಲಿ ಆ ಹೊಲಿಗೆ ಎಲುಬಿನ ತುದಿಯನ್ನು ದಾಟಿ ಅರ್ಧ ಇಂಚೋ ಒಂದು ಇಂಚೋ ತೋಳಿನ ಮೇಲೆ ಇಳಿದಿರುವುದು ತೀರ ಸಾಮಾನ್ಯ. ಎರಡು ಬದಿಗೂ ಹಾಗೆ ಇಳಿದರೆ 17 ಇಂಚಿನ ಭುಜ 18½ ಆಗಿ ನನ್ನ ಪುಸ್ತಕದಲ್ಲಿ ಬರೆಯಲ್ಪಡುತ್ತದೆ.

ತುದಿಯನ್ನು ಹುಡುಕಲು, ಕತ್ತು ಮತ್ತು ಭುಜ ಕೂಡುವ ಜಾಗದಿಂದ ಬೆರಳನ್ನು ಭುಜದ ದಿಬ್ಬದ ಮೇಲೆ ಹೊರಗಿನ ಕಡೆಗೆ ಜರುಗಿಸುತ್ತ ಹೋಗಿರಿ. ಗಟ್ಟಿಯಾದ ಎಲುಬು ಸಿಗುತ್ತದೆ, ಅದು ಮುಗಿದು ಬೆರಳು ಮೆತ್ತನೆಯ ಸ್ನಾಯುವಿನ ಮೇಲೆ ಇಳಿಯುತ್ತದೆ. ಇಳಿಯುವ ಅಂಚೇ ಭುಜದ ತುದಿ. ಸಂಶಯವಿದ್ದರೆ ತೊಡುವವರು ತೋಳನ್ನು ಪಕ್ಕಕ್ಕೆ ನೆಲಕ್ಕೆ ಸಮನಾಗಿ ಎತ್ತಲಿ. ಎಲುಬಿನ ಅಂಚಿಗೆ ಹತ್ತಿ ಹೊರಭಾಗದಲ್ಲಿ ಒಂದು ಚಿಕ್ಕ ಕುಳಿ ಬೀಳುತ್ತದೆ. ಬೆರಳನ್ನು ಅಲ್ಲಿಯೇ ಇಟ್ಟು ತೋಳನ್ನು ಇಳಿಸಲು ಹೇಳಿ, ಆ ಜಾಗದಲ್ಲಿ ಟಿಕಳಿ ಅಂಟಿಸಿರಿ. ಮೈ ತುಂಬಿಕೊಂಡವರಲ್ಲಿ ಎಲುಬು ಬೆರಳಿಗೆ ಸುಲಭವಾಗಿ ಸಿಗುವುದಿಲ್ಲ, ಅವರಿಗೆ ಈ ಕುಳಿಯ ಗುರುತೇ ನಂಬಿಗಸ್ತ. ಇನ್ನೊಂದು ಭುಜಕ್ಕೂ ಹೀಗೆಯೇ ಮಾಡಿರಿ. ಕನ್ನಡಿಯಲ್ಲಿ ನೋಡಿದರೆ ಒಂದು ಟಿಕಳಿ ಇನ್ನೊಂದಕ್ಕಿಂತ ತುಸು ಕೆಳಗಿರುವುದು ಕಾಣಬಹುದು. ಭಾರದ ಚೀಲವನ್ನು ಒಂದೇ ಭುಜಕ್ಕೆ ಹಾಕಿಕೊಳ್ಳುವವರಲ್ಲಿ ನಾನು ಇದನ್ನು ಆಗಾಗ ನೋಡಿದ್ದೇನೆ. ಯಾವ ಬದಿ ಕೆಳಗಿದೆ ಎಂಬುದನ್ನು ಬರೆದಿಡಿರಿ.

ಮೂರನೆಯ ಟಿಕಳಿ ಕತ್ತಿನ ಹಿಂದಕ್ಕೆ. ತಲೆಯನ್ನು ಮುಂದಕ್ಕೆ ಬಾಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಎಲುಬಿನ ಮೇಲೆ ಅದನ್ನು ಅಂಟಿಸಿ, ತಲೆ ನೆಟ್ಟಗೆ ಮಾಡಿಸಿರಿ. ಮುಂದಿನ ಎಲ್ಲ ಅಳತೆಗಳನ್ನೂ ತಲೆ ನೆಟ್ಟಗಿದ್ದಾಗಲೇ ತೆಗೆಯಬೇಕು. ಟೇಪಿನಲ್ಲಿ ಎಷ್ಟಾಯಿತೆಂದು ನೋಡಲು ತೊಡುವವರು ಕತ್ತು ಬಾಗಿಸಿದರೆ ಬೆನ್ನಿನ ಅಳತೆ ಅರ್ಧ ಇಂಚು ಉದ್ದವಾಗಿಬಿಡುತ್ತದೆ.

ಈಗ ಒಂದು ಭುಜದ ಟಿಕಳಿಯಿಂದ ಕತ್ತಿನ ಟಿಕಳಿಯನ್ನು ಮುಟ್ಟಿಸಿಕೊಂಡು ಇನ್ನೊಂದು ಭುಜದ ಟಿಕಳಿಯವರೆಗೆ ಟೇಪು ಹಿಡಿದರೆ ಅದು ಶೋಲ್ಡರ್ ಅಳತೆ. ಉರ್ದು ಮಾತಿನ ಹಿರಿಯ ಮಾಸ್ಟರ್‌ಗಳು ಇದನ್ನು ‘ತೀರಾ’ ಎಂದು ಹೇಳುವುದನ್ನು ನೀವು ಕೇಳಿರಬಹುದು.

ಎರಡನೆಯ ಹೆಜ್ಜೆ: ಆರ್ಮ್‌ಹೋಲ್ ಆಳ

ಲಾಡಿಯನ್ನು ಎರಡೂ ಕಂಕುಳಿನ ಕೆಳಗೆ ತೂರಿಸಿ, ಎದೆ ಮತ್ತು ಬೆನ್ನಿನ ಸುತ್ತ, ನೆಲಕ್ಕೆ ಸಮಾನಾಂತರವಾಗಿ ಕಟ್ಟಿರಿ. ಕಂಕುಳಿಗೆ ತಾಗುವಷ್ಟು ಮೇಲಿರಬೇಕು, ಮಾಂಸವನ್ನು ಒತ್ತುವಷ್ಟು ಬಿಗಿಯಾಗಿರಬಾರದು. ಬೆನ್ನಿನ ಕಡೆ ಲಾಡಿ ಜಾರಿ ಕೆಳಗಿಳಿಯುವುದೇ ಹೆಚ್ಚು, ಆದ್ದರಿಂದ ಪಕ್ಕದಲ್ಲಿ ನಿಂತು ಮುಂದೆ ಮತ್ತು ಹಿಂದೆ ಒಂದೇ ಮಟ್ಟದಲ್ಲಿದೆಯೇ ಎಂದು ನೋಡಿರಿ. ಈ ಲಾಡಿಯ ಮೇಲಂಚೇ ಕಂಕುಳ ಮಟ್ಟ.

ಈಗ ಎರಡು ಅಳತೆಗಳನ್ನು ತೆಗೆಯಿರಿ. ಮೊದಲನೆಯದು ಕತ್ತಿನ ಟಿಕಳಿಯಿಂದ ಬೆನ್ನೆಲುಬಿನ ಮೇಲೆ ನೇರವಾಗಿ ಲಾಡಿಯ ಮೇಲಂಚಿನವರೆಗೆ. ಎರಡನೆಯದು ಭುಜದ ಟಿಕಳಿಯಿಂದ ಬೆನ್ನಿನ ಬದಿಯಲ್ಲಿ ನೇರ ಕೆಳಗೆ ಲಾಡಿಯ ಮೇಲಂಚಿನವರೆಗೆ. ಎರಡನೆಯದು ಯಾವಾಗಲೂ ಚಿಕ್ಕದಾಗಿರುತ್ತದೆ, ಏಕೆಂದರೆ ಭುಜದ ತುದಿ ಕತ್ತಿನ ಬುಡಕ್ಕಿಂತ ಕೆಳಗಿದೆ. ಸಾಧಾರಣ ಮೈಕಟ್ಟಿನಲ್ಲಿ ಈ ಅಂತರ ಸುಮಾರು ಒಂದೂವರೆ ಇಂಚು.

ಒಂದೇ ಆಳಕ್ಕೆ ಎರಡು ಅಳತೆ ಏಕೆ ಬೇಕೆಂದು ಹಲವರು ಕೇಳುತ್ತಾರೆ. ಕೆಲವು ಮಾಸ್ಟರ್‌ಗಳು ಕತ್ತಿನಿಂದ ಲೆಕ್ಕ ಹಿಡಿದು ಕಟಿಂಗ್ ಮಾಡುತ್ತಾರೆ, ಕೆಲವರು ಭುಜದಿಂದ ಹಿಡಿಯುತ್ತಾರೆ. ಕತ್ತಿನಿಂದ ಅಳೆದ 9 ಇಂಚನ್ನು ಭುಜದಿಂದ ಅಳೆದದ್ದೆಂದು ತಿಳಿದು ಕತ್ತರಿಸಿದರೆ ಆರ್ಮ್‌ಹೋಲ್ ಬೇಕಾದದ್ದಕ್ಕಿಂತ ಒಂದೂವರೆ ಇಂಚು ಕೆಳಗೆ ಹೋಗುತ್ತದೆ. ಭುಜದಿಂದ ಅಳೆದದ್ದನ್ನು ಕತ್ತಿನದೆಂದು ತಿಳಿದರೆ ಅಂಗಿ ಕಂಕುಳಲ್ಲಿ ಕೊಯ್ಯುತ್ತದೆ. ಎರಡೂ ಸಂಖ್ಯೆ ಒಟ್ಟಿಗೆ ಬಂದರೆ ಈ ಗೊಂದಲಕ್ಕೆ ಎಡೆಯಿಲ್ಲ. ಅದಕ್ಕೂ ಮಿಗಿಲಾಗಿ, ಎರಡರ ವ್ಯತ್ಯಾಸವೇ ಭುಜದ ಇಳಿಜಾರನ್ನು ಹೇಳಿಬಿಡುತ್ತದೆ. ವ್ಯತ್ಯಾಸ ಅರ್ಧ ಇಂಚಿನ ಹತ್ತಿರವಿದ್ದರೆ ಅವರ ಭುಜ ಹಲಗೆಯಂತೆ ಚೌಕವಾಗಿದೆ, ಎರಡೂವರೆ ಇಂಚಿನ ಹತ್ತಿರವಿದ್ದರೆ ಭುಜ ಇಳಿದಿದೆ ಎಂದು ನಾನು ಮನುಷ್ಯನನ್ನು ನೋಡದೆಯೇ ತಿಳಿಯಬಲ್ಲೆ. ಚೌಕ ಭುಜದವರಿಗೆ ಸಾಧಾರಣ ಇಳಿಜಾರಿನ ಅಂಗಿ ಹೊಲಿದರೆ ಕಾಲರ್‌ನ ಕೆಳಗೆ ಬೆನ್ನಿನಲ್ಲಿ ಅಡ್ಡ ಮಡಿಕೆ ಬೀಳುತ್ತದೆ, ಇಳಿದ ಭುಜದವರಿಗೆ ಕತ್ತಿನಿಂದ ಕಂಕುಳಿನ ಕಡೆಗೆ ಓರೆಯಾದ ಸುಕ್ಕುಗಳು ಬೀಳುತ್ತವೆ.

ಇದನ್ನು ಅಳೆಯದೆ ಎದೆಯ ಅಳತೆಯಿಂದಲೇ ಲೆಕ್ಕ ಹಾಕುವ ರೂಢಿಯೂ ಇದೆ. ಬ್ಲೌಸ್ ಕಟಿಂಗ್‌ನಲ್ಲಿ ಕಲಿಸುವ ಒಂದು ಸೂತ್ರದಂತೆ ಎದೆಯ ಕಾಲು ಭಾಗದಿಂದ ಒಂದೂವರೆ ಇಂಚು ಕಳೆದರೆ ಭುಜದಿಂದ ಇಳಿಸಬೇಕಾದ ಆಳ ಸಿಗುತ್ತದೆ. ಎದೆ 36 ಇದ್ದರೆ 7½. ಮಧ್ಯಮ ಮೈಕಟ್ಟಿಗೆ ಇದು ಒಪ್ಪುತ್ತದೆ. ಆದರೆ ಎದೆ 44 ಇರುವವರಿಗೆ ಅದೇ ಸೂತ್ರ 9½ ಕೊಡುತ್ತದೆ. ಮೈ ದಪ್ಪವಾದಾಗ ಎದೆಯ ಸುತ್ತಳತೆ ಹೆಚ್ಚುವಷ್ಟು ಕಂಕುಳು ಕೆಳಗಿಳಿಯುವುದಿಲ್ಲ, ಏಕೆಂದರೆ ಎಲುಬುಗಳು ಇದ್ದಲ್ಲಿಯೇ ಇರುತ್ತವೆ. ದಪ್ಪಗಿರುವ ಹೆಣ್ಣುಮಕ್ಕಳು ತಮ್ಮ ಕುಪ್ಪಸ ಕಂಕುಳಲ್ಲಿ ಜೋತುಬೀಳುತ್ತದೆ ಎಂದು ಹೇಳುವುದಕ್ಕೆ ಈ ಲೆಕ್ಕವೇ ಬಹುಪಾಲು ಕಾರಣವೆಂದು ನನ್ನ ಅನುಭವ. ಎದೆ 40 ದಾಟಿದವರು, ಮತ್ತು ತೀರ ತೆಳ್ಳಗಿರುವವರು, ಅಳೆದ ಆಳವನ್ನು ತಾವಾಗಿಯೇ ಕೊಡುವುದು ಒಳ್ಳೆಯದು.

ಮೂರನೆಯ ಹೆಜ್ಜೆ: ಕ್ರಾಸ್ ಬ್ಯಾಕ್

ಕ್ರಾಸ್ ಬ್ಯಾಕ್ ಎಂದರೆ ಬೆನ್ನಿಗೆ ಅಡ್ಡಲಾಗಿ, ಒಂದು ತೋಳು ಮೈಗೆ ಕೂಡುವ ಗೆರೆಯಿಂದ ಇನ್ನೊಂದು ತೋಳು ಕೂಡುವ ಗೆರೆಯವರೆಗಿನ ಅಗಲ. ಶೋಲ್ಡರ್ ಅಳತೆಯೂ ಅಡ್ಡಲಾಗಿಯೇ ಇರುವುದರಿಂದ ಎರಡನ್ನೂ ಒಂದೇ ಎಂದು ತಿಳಿಯುವವರಿದ್ದಾರೆ. ಶೋಲ್ಡರ್ ಮೇಲೆ ಎಲುಬಿನಿಂದ ಎಲುಬಿಗೆ, ಕ್ರಾಸ್ ಬ್ಯಾಕ್ ಕೆಳಗೆ ತೋಳಿನ ಮಡಿಕೆಯಿಂದ ಮಡಿಕೆಗೆ.

ಎಷ್ಟು ಕೆಳಗೆ ಎಂಬುದಕ್ಕೆ ಈಗಾಗಲೇ ತೆಗೆದ ಅಳತೆ ನೆರವಾಗುತ್ತದೆ. ಕತ್ತಿನ ಟಿಕಳಿಯಿಂದ ಲಾಡಿಯವರೆಗಿನ ಆಳದ ಅರ್ಧಕ್ಕೆ ಬೆನ್ನೆಲುಬಿನ ಮೇಲೆ ಇನ್ನೊಂದು ಟಿಕಳಿ ಇಡಿರಿ; ದೊಡ್ಡವರಲ್ಲಿ ಇದು ನಾಲ್ಕರಿಂದ ಐದು ಇಂಚಿನ ನಡುವೆ ಬರುತ್ತದೆ. ಕೈಗಳು ಇಳಿಬಿದ್ದಿರುವಾಗ ಕಂಕುಳಿನ ಹಿಂಭಾಗದಿಂದ ಮೇಲಕ್ಕೆ ಏಳುವ ಚರ್ಮದ ಮಡಿಕೆ ಕಾಣುತ್ತದೆ. ಆ ಮಡಿಕೆಯನ್ನು ಕಣ್ಣಿನಿಂದ ಭುಜದ ಟಿಕಳಿಯವರೆಗೆ ಎಳೆದುಕೊಂಡರೆ ತೋಳು ಮತ್ತು ಬೆನ್ನಿನ ಗಡಿ ಸಿಗುತ್ತದೆ. ನಡುಬೆನ್ನಿನ ಟಿಕಳಿಯ ಮಟ್ಟದಲ್ಲಿ ಟೇಪನ್ನು ಅಡ್ಡಲಾಗಿ ಹಿಡಿದು ಎಡ ಗಡಿಯಿಂದ ಬಲ ಗಡಿಯವರೆಗೆ ಓದಿರಿ.

ಇದೇ ಜಾಗದಲ್ಲಿ ಇನ್ನೊಂದು ಅಳತೆಯನ್ನೂ ತೆಗೆಯಲು ನಾನು ಕೇಳಿಕೊಳ್ಳುತ್ತೇನೆ. ತೊಡುವವರು ಬೈಕಿನ ಹ್ಯಾಂಡಲ್ ಹಿಡಿದಂತೆ ಎರಡೂ ಕೈಗಳನ್ನು ಮುಂದೆ ಚಾಚಲಿ, ಅದೇ ಎರಡು ಗಡಿಗಳ ನಡುವೆ ಮತ್ತೆ ಅಳೆಯಿರಿ. ಬೆನ್ನು ಎರಡು ಇಂಚು ಅಥವಾ ಅದಕ್ಕೂ ತುಸು ಹೆಚ್ಚು ಹಿಗ್ಗುತ್ತದೆ. ಮೊದಲ ಸಂಖ್ಯೆ ಅಂಗಿಯ ನೋಟಕ್ಕೆ, ಎರಡನೆಯದು ಬೆನ್ನಿನಲ್ಲಿ ನೆರಿಗೆ ಎಷ್ಟು ಬಿಡಬೇಕೆಂಬ ತೀರ್ಮಾನಕ್ಕೆ. ಎರಡನೆಯದನ್ನೇ ಕ್ರಾಸ್ ಬ್ಯಾಕ್ ಎಂದು ಕಳುಹಿಸಿಬಿಟ್ಟರೆ ಕೈ ಇಳಿಬಿಟ್ಟು ನಿಂತಾಗ ತೋಳಿನ ಹಿಂದೆ ಉದ್ದುದ್ದ ಮಡಿಕೆಗಳು ಜೋಲುತ್ತವೆ.

ಗಂಡಸರ ಬಟ್ಟೆ ಹೊಲಿಯುವ ಕೆಲವರು ಪೂರ್ತಿ ಅಗಲದ ಬದಲು ನಡುಬೆನ್ನಿನಿಂದ ಒಂದು ಬದಿಯ ಗಡಿಯವರೆಗೆ ಮಾತ್ರ ಅಳೆದು ‘ಹಾಫ್ ಬ್ಯಾಕ್’ ಎಂದು ಬರೆದುಕೊಳ್ಳುತ್ತಾರೆ. ಕೋಟು ಹೊಲಿಯುವ ಮಾಸ್ಟರ್‌ಗೆ ಅಳತೆ ಕೊಡುವಾಗ ಅರ್ಧವೋ ಪೂರ್ತಿಯೋ ಎಂದು ಕೇಳಿಕೊಳ್ಳಿರಿ. ಎದೆಯ ಕಡೆಗೂ ಇದೇ ಬಗೆಯ ಅಳತೆ ಇದೆ. ಅದಕ್ಕೆ ಕ್ರಾಸ್ ಫ್ರಂಟ್ ಎಂದು ಹೆಸರು. ಅದು ಸಾಮಾನ್ಯವಾಗಿ ಕ್ರಾಸ್ ಬ್ಯಾಕ್‌ಗಿಂತ ಅರ್ಧದಿಂದ ಒಂದು ಇಂಚು ಕಡಿಮೆ ಇರುತ್ತದೆ.

ಯಾದಗಿರಿಯ ಶಿಕ್ಷಕರೊಬ್ಬರ ಅಂಗಿ

ಈ ಮೂರು ಅಳತೆಗಳು ಒಂದನ್ನೊಂದು ಹೇಗೆ ಹಿಡಿದುಕೊಂಡಿವೆ ಎಂಬುದು ಒಂದು ಅಂಗಿಯಿಂದ ನನಗೆ ಸ್ಪಷ್ಟವಾಯಿತು. ಯಾದಗಿರಿಯ ಹೈಸ್ಕೂಲ್ ಶಿಕ್ಷಕರೊಬ್ಬರಿಗೆ ನಾನೇ ಎರಡು ಅಂಗಿ ಹೊಲಿದು ಕಳುಹಿಸಿದ್ದೆ. ಅಳತೆಗೆಂದು ಅವರು ಕಳುಹಿಸಿದ್ದು ಒಂದು ಸಿದ್ಧ ಅಂಗಿಯನ್ನು. ನಾನು ಅದನ್ನೇ ಪಡಿಯಚ್ಚಿನಂತೆ ಅನುಸರಿಸಿದ್ದೆ. ಕೆಲವು ವಾರಗಳ ನಂತರ ಅವರ ಫೋನ್ ಬಂತು.

“ಮಾಸ್ಟರ್, ಬೋರ್ಡಿನ ಮ್ಯಾಲ ಬರಿಲಿಕ್ಕೆ ಕೈ ಎತ್ತಿದ್ರ ಅಂಗಿ ಪ್ಯಾಂಟಿನಿಂದ ಹೊರಗ ಬರ್ತದರಿ. ಈ ಸಲ ಮುಂಡಾ ಇನ್ನೊಂದು ಇಂಚು ಇಳಿಸ್ರಿ, ಕೈ ಸಡಲಾಗಿ ಆಡ್ತದ.”

“ಸರ್, ಇಳಿಸೂದು ಬ್ಯಾಡ್ರಿ. ಮನ್ಯಾಗ ಯಾರ ಕೈಲೆರೆ ಮೈ ಮ್ಯಾಲ ಅಳತಿ ತಗಿಸಿ ಕಳಸ್ರಿ, ಹೆಂಗ ಅಂತ ನಾ ಹೇಳ್ತೀನಿ” ಎಂದೆ.

ಮುಂಡಾ ಇಳಿಸಿದರೆ ಕೈ ಸಡಿಲವಾಗಿ ಆಡುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ, ಮತ್ತು ಅದು ತಪ್ಪು. ಕೈ ಎತ್ತಿದಾಗ ಸೊಂಟದಿಂದ ಪಕ್ಕೆಯ ಮೇಲೆ ಹಾಯ್ದು ಕಂಕುಳಿನ ಮೂಲಕ ಮಣಿಕಟ್ಟಿನವರೆಗಿನ ದಾರಿ ಉದ್ದವಾಗುತ್ತದೆ. ಅಂಗಿಯಲ್ಲಿ ಆ ದಾರಿಯನ್ನು ತುಂಬಬೇಕಾದದ್ದು ಎರಡು ಹೊಲಿಗೆಗಳು: ಪಕ್ಕೆಯ ಹೊಲಿಗೆ ಮತ್ತು ತೋಳಿನ ಒಳಗಿನ ಹೊಲಿಗೆ. ಆರ್ಮ್‌ಹೋಲನ್ನು ಒಂದು ಇಂಚು ಕೆಳಗಿಳಿಸಿದರೆ ಪಕ್ಕೆಯ ಹೊಲಿಗೆ ಒಂದು ಇಂಚು ಗಿಡ್ಡವಾಗುತ್ತದೆ, ಅದಕ್ಕೆ ಹೊಂದುವಂತೆ ತೋಳನ್ನು ಕತ್ತರಿಸುವಾಗ ತೋಳಿನ ಒಳ ಹೊಲಿಗೆಯೂ ಸಾಮಾನ್ಯವಾಗಿ ಗಿಡ್ಡವಾಗುತ್ತದೆ. ದಾರಿ ಉದ್ದವಾಗುವಾಗ ಬಟ್ಟೆ ಗಿಡ್ಡವಾಗಿದ್ದರೆ ಅದು ಕೆಳಗಿನಿಂದಲೇ ಎಳೆದುಕೊಳ್ಳಬೇಕು. ಅಂಗಿ ಪ್ಯಾಂಟಿನಿಂದ ಹೊರಬರುವುದು ಹೀಗೆ. ಆರ್ಮ್‌ಹೋಲ್ ಕಂಕುಳಿಗೆ ಹತ್ತಿರವಿದ್ದಷ್ಟೂ ಕೈ ಎತ್ತಿದಾಗ ಅಂಗಿಯ ಮೈ ನಿಂತಲ್ಲೇ ನಿಲ್ಲುತ್ತದೆ.

ಹಾಗಿದ್ದರೂ ಬಿಗಿತ ಎಲ್ಲಿಂದ ಬರುತ್ತದೆ? ಅದು ಬಹುತೇಕ ಕ್ರಾಸ್ ಬ್ಯಾಕ್‌ನ ಕೊರತೆ. ಬೆನ್ನು ಸಾಲದೆ ಇದ್ದಾಗ ಕೈ ಮುಂದೆ ಚಾಚಿದರೆ ಆರ್ಮ್‌ಹೋಲಿನ ಹಿಂದಿನ ಅಂಚು ತೋಳಿಗೆ ಒತ್ತುತ್ತದೆ. ಒತ್ತುವ ಜಾಗ ಕಂಕುಳಿನ ಸಮೀಪದಲ್ಲೇ ಇರುವುದರಿಂದ ತೊಟ್ಟವರು ಮುಂಡಾ ಚಿಕ್ಕದಾಗಿದೆ ಎಂದು ತಿಳಿದು ಇಳಿಸಲು ಹೇಳುತ್ತಾರೆ.

ಮುಂದಿನ ಭಾನುವಾರ ಶಿಕ್ಷಕರ ಮನೆಯವರು ಟಿಕಳಿ ಅಂಟಿಸಿ, ಲಾಡಿ ಕಟ್ಟಿ ಅಳೆದರು. ಮೈ ಅಳತೆ ಹೀಗೆ ಬಂತು: ಎದೆ 38; ಭುಜದ ತುದಿಯಿಂದ ತುದಿಗೆ 17; ಕತ್ತಿನಿಂದ ಕಂಕುಳ ಮಟ್ಟಕ್ಕೆ 9¼; ಭುಜದ ತುದಿಯಿಂದ ಕಂಕುಳ ಮಟ್ಟಕ್ಕೆ 7¾; ಕ್ರಾಸ್ ಬ್ಯಾಕ್ ಕೈ ಇಳಿಬಿಟ್ಟಾಗ 15¾, ಕೈ ಚಾಚಿದಾಗ 18. ಕತ್ತಿನ ಮತ್ತು ಭುಜದ ಆಳಗಳ ವ್ಯತ್ಯಾಸ 1½ ಇರುವುದರಿಂದ ಭುಜದ ಇಳಿಜಾರು ಸಾಧಾರಣ. ನಾನು ಅನುಸರಿಸಿದ್ದ ಸಿದ್ಧ ಅಂಗಿಯ ಶೋಲ್ಡರ್ 18½ ಇತ್ತು, ಅದರ ಆರ್ಮ್‌ಹೋಲ್ ಕತ್ತಿನಿಂದ 11½ ಕೆಳಗಿತ್ತು. ಅಂದರೆ ಹೊಲಿಗೆಯು ಕಂಕುಳಿಗಿಂತ 2¼ ಇಂಚು ಕೆಳಗೆ ತೂಗುತ್ತಿತ್ತು. ಅವರು ಹೇಳಿದಂತೆ ಇನ್ನೊಂದು ಇಂಚು ಇಳಿಸಿದ್ದರೆ ತೊಂದರೆ ಹೆಚ್ಚುತ್ತಿತ್ತೇ ಹೊರತು ತೀರುತ್ತಿರಲಿಲ್ಲ.

ಹೊಸ ಅಂಗಿಗೆ ನಾನು ಶೋಲ್ಡರ್ 17½ ಹಿಡಿದೆ. ಆರ್ಮ್‌ಹೋಲನ್ನು ಕತ್ತಿನಿಂದ 10¼ ಇಂಚಿಗೆ ನಿಲ್ಲಿಸಿದೆ, ಅಂದರೆ ಕಂಕುಳಿಗಿಂತ ಒಂದು ಇಂಚು ಮಾತ್ರ ಕೆಳಗೆ. ಇದಕ್ಕಿಂತಲೂ ಮೇಲಕ್ಕೆ ಏರಿಸಬಹುದಿತ್ತು. ಆದರೆ ನಮ್ಮ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವಾಗ ಬಟ್ಟೆ ಕಂಕುಳಿಗೆ ಅಂಟಿಕೊಂಡರೆ ಬೆವರಿಗೆ ತೊಯ್ದು ದಿನವಿಡೀ ಹಿಂಸೆಯಾಗುತ್ತದೆ. ಕ್ರಾಸ್ ಬ್ಯಾಕ್‌ಗೆ ಮೈ ಅಳತೆಯ ಮೇಲೆ ಒಂದು ಇಂಚು ಸೇರಿಸಿ 16¾ ಇಟ್ಟೆ, ಮತ್ತು ಬೆನ್ನಿನ ಮೇಲ್ಭಾಗದ ಜೋಡುಪಟ್ಟಿಯ, ಅಂದರೆ ಯೋಕ್‌ನ, ಕೆಳಗೆ ಎರಡು ನೆರಿಗೆಗಳಲ್ಲಿ ಒಟ್ಟು 1½ ಇಂಚು ಬಟ್ಟೆ ಬಿಟ್ಟೆ. ನೆರಿಗೆ ಬಿಚ್ಚಿಕೊಂಡಾಗ ಬೆನ್ನು 18¼ ಆಗುತ್ತದೆ, ಕೈ ಚಾಚಿದಾಗ ಬೇಕಾಗುವ 18ಕ್ಕೆ ಸಾಕು.

ಕಳುಹಿಸುವ ಮೊದಲು ಸಂಖ್ಯೆಗಳನ್ನು ಹೋಲಿಸುವುದು

ಬರೆದುಕೊಂಡ ಅಳತೆಗಳು ತಾವೇ ತಪ್ಪನ್ನು ತೋರಿಸುತ್ತವೆ. ಕ್ರಾಸ್ ಬ್ಯಾಕ್ ಸಾಮಾನ್ಯವಾಗಿ ಶೋಲ್ಡರ್‌ಗಿಂತ ಒಂದರಿಂದ ಒಂದೂವರೆ ಇಂಚು ಕಡಿಮೆ ಇರುತ್ತದೆ. ಎರಡೂ ಸಮನಾಗಿ ಬಂದರೆ, ಒಂದೋ ಟೇಪು ಮಡಿಕೆಯನ್ನು ದಾಟಿ ತೋಳಿನ ಮೇಲೆ ಹೋಗಿದೆ, ಇಲ್ಲವೇ ಕೈಗಳು ಮುಂದಿದ್ದವು. ಆದರೂ ಬೆನ್ನು ಬಾಗಿದ ಹಿರಿಯರಲ್ಲಿ ಮತ್ತು ಭಾರ ಹೊತ್ತು ಬೆನ್ನು ಅಗಲವಾದವರಲ್ಲಿ ಇದು ನಿಜವೇ ಆಗಿರಬಹುದು, ಆದ್ದರಿಂದ ಮತ್ತೊಮ್ಮೆ ಅಳೆದು ಅದೇ ಬಂದರೆ ‘ಬೆನ್ನು ಬಾಗಿದೆ’ ಎಂದು ಪಕ್ಕದಲ್ಲಿ ಬರೆಯಿರಿ. ಮೂರು ಇಂಚಿನಷ್ಟು ಕಡಿಮೆ ಬಂದರೆ ಭುಜದ ತುದಿಯನ್ನು ಹೊರಗೆ ಗುರುತಿಸಿದ್ದೀರಿ. ಕತ್ತಿನ ಆಳಕ್ಕಿಂತ ಭುಜದ ಆಳ ಹೆಚ್ಚಾಗಿದ್ದರೆ ಲಾಡಿ ಬದಿಯಲ್ಲಿ ಜಾರಿದೆ.

ಮೈ ಅಳತೆಗೆ ನೀವಾಗಿ ಸಡಿಲವನ್ನು ಸೇರಿಸಬೇಡಿರಿ. ನೀವು ಒಂದು ಇಂಚು ಸೇರಿಸಿ ಕೊಟ್ಟದ್ದು ತಿಳಿಯದೆ ಮಾಸ್ಟರ್ ಮತ್ತೊಂದು ಇಂಚು ಸೇರಿಸುತ್ತಾರೆ. ಬದಲಾಗಿ ಸಂದೇಶದ ತಲೆಗೇ ‘ಮೈ ಅಳತೆ’ ಎಂದೋ ‘ಅಂಗಿಯ ಅಳತೆ’ ಎಂದೋ ಬರೆದು, ಬಿಗಿ ಬೇಕೋ ಸಡಿಲ ಬೇಕೋ ಎಂಬುದನ್ನು ಮಾತಿನಲ್ಲಿ ಹೇಳಿರಿ. ಶಿಕ್ಷಕರಿಗೆ ನಾನು ಹೇಳಿಕೊಟ್ಟ ಸಂದೇಶದ ರೂಪ ಇದು:

ಮೈ ಅಳತೆ, ಇಂಚಿನಲ್ಲಿ, ಸಡಿಲ ಸೇರಿಸಿಲ್ಲ.
ಎದೆ ಸುತ್ತಳತೆ 38.
ಶೋಲ್ಡರ್, ಎಲುಬಿನ ತುದಿಯಿಂದ ತುದಿಗೆ, ಕತ್ತಿನ ಎಲುಬಿನ ಮೇಲೆ ಹಾಯ್ದು 17.
ಆರ್ಮ್‌ಹೋಲ್ ಆಳ, ಕತ್ತಿನ ಎಲುಬಿನಿಂದ 9¼, ಭುಜದ ತುದಿಯಿಂದ 7¾.
ಕ್ರಾಸ್ ಬ್ಯಾಕ್ ಪೂರ್ತಿ, ಕೈ ಇಳಿಬಿಟ್ಟು 15¾, ಕೈ ಚಾಚಿ 18.
ಬಲ ಭುಜ ತುಸು ಕೆಳಗಿದೆ. ಬೋರ್ಡಿನ ಮೇಲೆ ಬರೆಯುವ ಕೆಲಸ, ಬೇಸಿಗೆಗೆ ಹತ್ತಿ ಬಟ್ಟೆ.

ಕುಪ್ಪಸಕ್ಕೂ ಇದೇ ಕ್ರಮ ಸಲ್ಲುತ್ತದೆ, ಸಡಿಲ ಮಾತ್ರ ಕಡಿಮೆ. ಆರ್ಮ್‌ಹೋಲ್ ಕಂಕುಳಿನಿಂದ ಅರ್ಧ ಇಂಚಿಗಿಂತ ಕೆಳಗೆ ಹೋಗಬೇಕಾಗಿಲ್ಲ. ಬೆನ್ನಿನ ಕೊರಳು ಆಳವಾಗಿರುವ ಕುಪ್ಪಸದಲ್ಲಿ ಕ್ರಾಸ್ ಬ್ಯಾಕ್‌ನ ಮಟ್ಟದಲ್ಲಿ ಬಟ್ಟೆಯೇ ಇರುವುದಿಲ್ಲವೆಂದು ಅದನ್ನು ಕೊಡದೆ ಬಿಡುವವರಿದ್ದಾರೆ. ಕೊರಳಿನ ಎರಡು ಬದಿಗೆ ಉಳಿಯುವ ಪಟ್ಟಿ ಎಷ್ಟು ಅಗಲವಿರಬೇಕು ಎಂಬುದು ಅದರಿಂದಲೇ ಗೊತ್ತಾಗಬೇಕಾದ್ದರಿಂದ ಅಳತೆಯನ್ನು ಕೊಟ್ಟು, ಕೊರಳಿನ ಆಳ ಅಗಲಗಳನ್ನು ಬೇರೆಯಾಗಿ ಹೇಳಿರಿ. ಹಳೆಯ ಪದ್ಧತಿಯ ನೇರ ತೋಳಿನ ಕುರ್ತಾಕ್ಕೆ, ಅಂದರೆ ಕಂಕುಳಲ್ಲಿ ಚೌಕ ತುಂಡು ಕೂರಿಸಿ ಹೊಲಿಯುವುದಕ್ಕೆ, ಈ ಲೆಕ್ಕ ಅನ್ವಯಿಸುವುದಿಲ್ಲ. ಅದರ ಹೊಲಿಗೆ ಭುಜದ ತುದಿಯನ್ನು ಬಿಟ್ಟು ತೋಳಿನ ಮೇಲೆ ಬೀಳುವುದೇ ಸರಿ, ಕೈಯಾಡುವ ಸಡಿಲವನ್ನು ಆ ಚೌಕ ತುಂಡು ಕೊಡುತ್ತದೆ.

ಟ್ರಯಲ್‌ನಲ್ಲಿ ನೋಡಬೇಕಾದದ್ದು

ಕಾಲರ್ ಮತ್ತು ತೋಳಿನ ತುದಿ ಹೊಲಿಯುವ ಮೊದಲೇ ಒಮ್ಮೆ ತೊಟ್ಟು ನೋಡುವ ಅವಕಾಶ ಸಿಕ್ಕರೆ ಭುಜದ ತುದಿಯಿಂದಲೇ ಶುರು ಮಾಡಿರಿ. ಬೆರಳಿನಿಂದ ಎಲುಬಿನ ಅಂಚನ್ನು ಮುಟ್ಟಿ, ಹೊಲಿಗೆ ಅದರ ಮೇಲೆ ಅಥವಾ ಕಾಲು ಇಂಚು ಹೊರಗಿದೆಯೇ ಎಂದು ನೋಡಿರಿ. ನಂತರ ಕೈ ಇಳಿಬಿಟ್ಟು ನಿಂತಾಗ ಬೆನ್ನನ್ನು ಇನ್ನೊಬ್ಬರು ನೋಡಲಿ: ತೋಳಿನ ಪಕ್ಕ ಉದ್ದದ ಮಡಿಕೆ ಇದ್ದರೆ ಕ್ರಾಸ್ ಬ್ಯಾಕ್ ಹೆಚ್ಚಾಗಿದೆ, ಒಂದು ತೋಳಿನಿಂದ ಇನ್ನೊಂದಕ್ಕೆ ಅಡ್ಡ ಎಳೆತ ಇದ್ದರೆ ಸಾಲದಾಗಿದೆ. ಕಡೆಗೆ ಒಂದು ಕೈಯನ್ನು ತಲೆಯ ಮಟ್ಟಕ್ಕೆ ಎತ್ತಿ, ಆ ಬದಿಯ ಅಂಚು ಎಷ್ಟು ಮೇಲೇರುತ್ತದೆ ಎಂದು ನೋಡಿರಿ.

ತಿದ್ದುವುದರಲ್ಲಿ ಒಂದು ಮಿತಿ ಇದೆ, ಅದನ್ನು ಮುಂಚೆಯೇ ತಿಳಿದಿರಬೇಕು. ಮೇಲಿರುವ ಆರ್ಮ್‌ಹೋಲನ್ನು ಕತ್ತರಿಸಿ ಇಳಿಸಬಹುದು. ಇಳಿದದ್ದನ್ನು ತುಂಡು ಹಚ್ಚದೆ ಏರಿಸಲಾಗದು. ಅಗಲವಾದ ಶೋಲ್ಡರನ್ನು ಕಿರಿದು ಮಾಡಬಹುದು. ಕಿರಿದಾದ ಬೆನ್ನನ್ನು ಹೊಲಿಗೆಯೊಳಗೆ ಬಿಟ್ಟ ಬಟ್ಟೆಯಷ್ಟೇ ಹಿಗ್ಗಿಸಬಹುದು, ಹತ್ತಿ ಅಂಗಿಯಲ್ಲಿ ಅದು ಅರ್ಧ ಇಂಚಿಗಿಂತ ಹೆಚ್ಚಿರುವುದು ಅಪರೂಪ. ಆದ್ದರಿಂದ ಟ್ರಯಲ್‌ನಲ್ಲಿ ಕಂಕುಳು ತುಸು ಹಿಡಿದಂತೆ ಅನಿಸಿದರೆ ಒಮ್ಮೆಲೇ ಒಂದು ಇಂಚು ಇಳಿಸಲು ಹೇಳದೆ, ಮೊದಲು ಬೆನ್ನಿನಲ್ಲಿ ಎಳೆತವಿದೆಯೇ ಎಂದು ನೋಡಿಸಿ, ಇಲ್ಲವಾದರೆ ಕಾಲು ಇಂಚು ಮಾತ್ರ ಇಳಿಸಿಕೊಳ್ಳಿರಿ.

ಶಿಕ್ಷಕರು ಟ್ರಯಲ್‌ಗೆಂದು ಕಲಬುರಗಿಗೆ ಬಂದಾಗ ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿ, ನನ್ನ ಅಂಗಡಿಯ ಗೋಡೆಯ ಮೇಲೆ ಕೈ ಎತ್ತಿ ಬರೆಯುವಂತೆ ಆಡಿಸಿ ನೋಡಿದರು. ಅಂಚು ಹೊರಗೆ ಬರಲಿಲ್ಲ. ಬಲ ಕಂಕುಳಲ್ಲಿ ಮಾತ್ರ ಬಟ್ಟೆ ತಾಗುತ್ತದೆ ಎಂದರು. ಆ ಭುಜ ಕೆಳಗಿರುವುದರಿಂದ ಅಲ್ಲಿ ಕಂಕುಳೂ ಕೆಳಗಿತ್ತು. ಬಲ ಬದಿಗೆ ಕಾಲು ಇಂಚು ಇಳಿಸಿ, ಎಡ ಬದಿಯನ್ನು ಹಾಗೆಯೇ ಬಿಟ್ಟು, ಅವರ ಹೆಸರಿನ ಪುಟದಲ್ಲಿ ಎರಡೂ ಬದಿಯ ಆಳವನ್ನು ಬೇರೆಬೇರೆಯಾಗಿ ಬರೆದಿಟ್ಟೆ.